ಚಕ್ಕುಬಂದಿ ಪುಟ ಓರೆಯಾದರೆ ಪೂರ್ವ ಪಶ್ಚಿಮ ಅದಲುಬದಲು

ಬೆಂಗಳೂರಿನಲ್ಲಿ ಆಸ್ತಿ ಕಾಗದಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕೆಲಸ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹೀಗೆ. ಕೆಲವರಿಗೆ ಬ್ಯಾಂಕ್ ಸಾಲಕ್ಕೆ ಬೇಕು, ಕೆಲವರಿಗೆ ಹೊರದೇಶದಲ್ಲಿರುವ ಮಕ್ಕಳಿಗೆ ತೋರಿಸಲು ಬೇಕು. ಕೈಬರಹದ ಹಳೇ ಪತ್ರ ಬಂದರೆ ಕೂತು ಓದಿ ಟೈಪ್ ಮಾಡುವುದೇ ಗತಿ. ಕಂಪ್ಯೂಟರ್ ಪ್ರಿಂಟ್ ಆದ ಪತ್ರವಾದರೆ ಓಸಿಆರ್‌ಗೆ ಹಾಕಿ ಅಕ್ಷರ ತೆಗೆದು, ಅದನ್ನು ತಿದ್ದಿ, ಆಮೇಲೆ ಅನುವಾದಕ್ಕೆ ತೆಗೆದುಕೊಳ್ಳುತ್ತೇವೆ. ಮೂಲ ಪತ್ರ ಯಾರೂ ಕೈಗೆ ಕೊಡುವುದಿಲ್ಲ, ಕೊಡಲೂಬಾರದು. ಬರುವುದೆಲ್ಲ ಮೊಬೈಲ್ ಫೋಟೋ.

ಆ ಫೋಟೋ ಓರೆಯಾಗಿದ್ದರೆ ಅಕ್ಷರ ತಪ್ಪಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅಕ್ಷರ ತಪ್ಪಿದರೆ ನನಗೆ ಅಷ್ಟು ಚಿಂತೆ ಇಲ್ಲ. "ಕ್ರಯಪತ್ರ" ಅನ್ನುವುದು "ಕಯಪತ" ಆದರೆ ಕಣ್ಣಿಗೆ ಹೊಡೆಯುತ್ತದೆ, ತಿದ್ದಬಹುದು. ಅಕ್ಷರಗಳೆಲ್ಲ ಸರಿಯಾಗಿಯೇ ಬಂದು, ಸಾಲುಗಳು ಮಾತ್ರ ಅದಲುಬದಲಾಗುವುದಿದೆಯಲ್ಲ, ಅದು ಅಪಾಯ. ಅದು ಜಾಸ್ತಿ ಆಗುವುದು ಚಕ್ಕುಬಂದಿಯ ಪುಟದಲ್ಲಿ.

ಚಕ್ಕುಬಂದಿ ಹೇಗಿರುತ್ತದೆ ನೋಡಿ. ಎಡಗಡೆ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಅಂತ ಒಂದರ ಕೆಳಗೊಂದು. ನಡುವೆ ಖಾಲಿ ಜಾಗ. ಬಲಗಡೆ ಆಯಾ ದಿಕ್ಕಿಗೆ ಏನಿದೆ ಅನ್ನುವುದು: ರಸ್ತೆ, ಪಕ್ಕದ ನಿವೇಶನದ ನಂಬರ್, ಯಾರದೋ ಜಮೀನು. ನಾವು ಓದುವಾಗ ಕಣ್ಣು ತಾನಾಗಿಯೇ ಓರೆಯನ್ನು ಹಿಡಿದುಕೊಂಡು ಹೋಗುತ್ತದೆ. ಓಸಿಆರ್ ಸಾಫ್ಟ್‌ವೇರ್ ಒಂದೇ ಮಟ್ಟದಲ್ಲಿರುವ ಪದಗಳನ್ನು ಜೋಡಿಸಿ ಸಾಲು ಮಾಡುತ್ತದೆ. ನಡುವಿನ ಖಾಲಿ ಜಾಗದಲ್ಲಿ ಅದಕ್ಕೆ ಹಿಡಿದುಕೊಳ್ಳಲು ಒಂದು ಅಕ್ಷರವೂ ಇಲ್ಲ.

ಎಷ್ಟು ಓರೆಯಾದರೆ ತಪ್ಪುತ್ತದೆ? ಸಾಲಿನಿಂದ ಸಾಲಿಗೆ 5 ಮಿ.ಮೀ. ಅಂತರ ಇದೆ ಅಂದುಕೊಳ್ಳಿ. 300 ಡಿಪಿಐ ಚಿತ್ರದಲ್ಲಿ ಅದು ಸುಮಾರು 60 ಪಿಕ್ಸೆಲ್. "ಪೂರ್ವಕ್ಕೆ" ಅನ್ನುವ ಪದಕ್ಕೂ ಅದರ ಎದುರಿನ ವಿವರಕ್ಕೂ ನಡುವೆ 1000 ಪಿಕ್ಸೆಲ್ ದೂರ. ಪುಟ ಬರೀ 2 ಡಿಗ್ರಿ ಓರೆಯಾಗಿ, ಬಲಗಡೆ ಮೇಲೆದ್ದಿದ್ದರೆ, ಆ ದೂರಕ್ಕೆ ವಿವರ 35 ಪಿಕ್ಸೆಲ್ ಮೇಲೆ ಹೋಗಿರುತ್ತದೆ. ಪಶ್ಚಿಮದ ವಿವರ ಕೂಡ ಅಷ್ಟೇ ಮೇಲೆದ್ದು "ಪೂರ್ವಕ್ಕೆ" ಅನ್ನುವ ಪದಕ್ಕಿಂತ 25 ಪಿಕ್ಸೆಲ್ ಮಾತ್ರ ಕೆಳಗೆ ಇರುತ್ತದೆ. ಈಗ ಪೂರ್ವಕ್ಕೆ ಹತ್ತಿರ ಇರುವುದು ಯಾವುದು? ಪಶ್ಚಿಮದ ವಿವರ. 2 ಡಿಗ್ರಿ ಅಂದರೆ ಕಣ್ಣಿಗೆ ಗೊತ್ತೇ ಆಗದಷ್ಟು. ಗ್ಯಾಲರಿಯಲ್ಲಿ ನೋಡಿದರೆ "ನೆಟ್ಟಗೇ ಇದೆಯಲ್ಲ" ಅನ್ನಿಸುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕು ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದಿರುತ್ತವೆ, ಮುಂದಿನ ಸಾಲಿನ ಗುಡಿಸು, ತಲೆಕಟ್ಟು ಮೇಲಕ್ಕೆ ಚಾಚಿರುತ್ತವೆ. ಸಾಲುಗಳ ನಡುವೆ ಇರಬೇಕಾದ ಬಿಳಿ ಪಟ್ಟಿ ಮೊದಲೇ ಕಿರಿದು. ಪುಟ ಓರೆಯಾದರೆ ಅದು ಪೂರ್ತಿ ಮುಚ್ಚಿಹೋಗುತ್ತದೆ. ಒತ್ತು ಒಂದು ಸಾಲಿನಿಂದ ಕಳಚಿ ಕೆಳಗಿನ ಸಾಲಿಗೆ ಅಂಟಿಕೊಳ್ಳುತ್ತದೆ.

ಈಚೆಗೆ ಬಂದ ಒಂದು ಫೈಲಿನ ಕಥೆ ಹೇಳುತ್ತೇನೆ, ಅದರಲ್ಲಿ ಎಲ್ಲ ಹಂತವೂ ಬರುತ್ತದೆ. ಲೀಗಲ್ ಅಳತೆಯ ಹಾಳೆ, ಅಂದರೆ ಎಂಟೂವರೆ ಇಂಚು ಅಗಲ, 14 ಇಂಚು ಉದ್ದ. ಫೋಟೋ 3000 ಅಗಲ, 4000 ಎತ್ತರದ ಪಿಕ್ಸೆಲ್. ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತೇ ತೆಗೆದದ್ದು. ಸುತ್ತ ಕಪ್ಪು ಮೇಜು, ಮೂಲೆಯಲ್ಲಿ ಹೆಬ್ಬೆರಳು. ಚಕ್ಕುಬಂದಿ ಪುಟದ ಕೆಳಗಿನ ಭಾಗದಲ್ಲಿತ್ತು.

ಮೊದಲು ಮಾಡಬೇಕಾದದ್ದು ಫೋಟೋದ ದಿಕ್ಕು ಸರಿ ಮಾಡುವುದು. ಮೊಬೈಲ್ ಎಷ್ಟೋ ಸಲ ಚಿತ್ರವನ್ನು ತಿರುಗಿಸುವುದಿಲ್ಲ. "ಇದನ್ನು ತಿರುಗಿಸಿ ತೋರಿಸು" ಅಂತ ಫೈಲಿನೊಳಗೆ ಒಂದು ಗುರುತು ಬರೆದಿಡುತ್ತದೆ, ಅಷ್ಟೇ. ಗ್ಯಾಲರಿ ಆ ಗುರುತನ್ನು ಓದುತ್ತದೆ, ನಾವು ಬಳಸುವ ಓಸಿಆರ್ ಸಾಫ್ಟ್‌ವೇರ್ ಟೆಸರಾಕ್ಟ್ ಓದುವುದಿಲ್ಲ. ನಮಗೆ ನೆಟ್ಟಗೆ ಕಂಡ ಪುಟ ಅದಕ್ಕೆ ಅಡ್ಡಡ್ಡ ಮಲಗಿರುತ್ತದೆ. ಮೇಜಿನ ಮೇಲಿನ ಕಾಗದಕ್ಕೆ ಫೋನ್ ಪೂರ್ತಿ ಬಗ್ಗಿಸಿ ಹಿಡಿದಾಗ ಯಾವುದು ಮೇಲೆ ಯಾವುದು ಕೆಳಗೆ ಅಂತ ಫೋನಿಗೂ ಗೊತ್ತಾಗದೆ, ಗುರುತೇ ತಪ್ಪಾಗುವುದೂ ಉಂಟು. ಈ ತಪ್ಪು ಸುಲಭವಾಗಿ ಸಿಕ್ಕಿಬೀಳುತ್ತದೆ, ಬರುವುದೆಲ್ಲ ಕಸವೇ ಆಗಿರುತ್ತದೆ. ಗುರುತು ಸರಿ ಇದ್ದರೆ, ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್‌ನಲ್ಲಿ ಇಷ್ಟು ಸಾಕು:

```
magick doc.jpg -auto-orient doc1.png
```

ಪಿಎನ್‌ಜಿ ಯಾಕೆಂದರೆ, ಜೆಪಿಜಿ ಆಗಿ ಮತ್ತೆ ಮತ್ತೆ ಉಳಿಸಿದರೆ ಪ್ರತಿ ಸಲವೂ ಅಕ್ಷರದ ಅಂಚು ಸ್ವಲ್ಪ ಸ್ವಲ್ಪ ಕೆಡುತ್ತದೆ.

ಆಮೇಲೆ ಓರೆ. ಈ ಫೈಲನ್ನು ನಮ್ಮ ಆಫೀಸಿನ ಹುಡುಗ ಸೀದಾ ತಾನಾಗಿ ನೆಟ್ಟಗೆ ಮಾಡುವ ಆಯ್ಕೆಗೆ, ಅಂದರೆ ಡೆಸ್ಕ್ಯೂಗೆ ಹಾಕಿದ್ದ. ಪುಟದ ನಡುಭಾಗ ಚೆನ್ನಾಗಿ ಬಂದಿತ್ತು. ಕೆಳಗೆ ಬಂದಾಗ "ಪೂರ್ವಕ್ಕೆ: ನಿವೇಶನ ನಂ. 14" ಅಂತ ಇತ್ತು. ಓದಲು ಏನೂ ತೊಂದರೆ ಇಲ್ಲ. ಅನುವಾದವೂ ಚೆಂದವಾಗಿಯೇ ಬರುತ್ತಿತ್ತು. ಅನುಮಾನ ಬಂದದ್ದು ಎರಡು ಕಡೆ. ಮೇಲಿನ "ಚಕ್ಕುಬಂದಿ" ಅನ್ನುವ ಶೀರ್ಷಿಕೆಯ ಬಾಲಕ್ಕೆ "30 ಅಡಿ ರಸ್ತೆ" ಅಂತ ಅಂಟಿಕೊಂಡಿತ್ತು, ಕೆಳಗೆ "ದಕ್ಷಿಣಕ್ಕೆ" ಅನ್ನುವುದರ ಎದುರು ಖಾಲಿ. ವಿವರಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿ ಕೂತಿದ್ದವು.

"ನೆಟ್ಟಗೆ ಮಾಡಿದ್ದೆ ಸರ್, ಹೆಂಗೆ ಹೀಗಾಯ್ತು?" ಅಂದ.

ಮಾಡಿದ್ದ, ನಿಜ. ಆದರೆ ಈ ಪುಟ ಬರೀ ತಿರುಗಿರಲಿಲ್ಲ. ಕೂತು ಓರೆಯಾಗಿ ತೆಗೆದದ್ದರಿಂದ ಹಾಳೆಯ ಕೆಳಗಿನ ಅಂಚು ಕ್ಯಾಮೆರಾಕ್ಕೆ ಹತ್ತಿರ, ಮೇಲಿನ ಅಂಚು ದೂರ. ಮೇಲಿನ ಅಂಚು ಫೋಟೋದಲ್ಲಿ 2140 ಪಿಕ್ಸೆಲ್ ಅಗಲ, ಕೆಳಗಿನದು 2380. ಅಂಚುಗಳ ಓರೆಯೂ ಬೇರೆ ಬೇರೆ. ಮೇಲೆ ಸುಮಾರು 1 ಡಿಗ್ರಿ, ಕೆಳಗೆ ಸುಮಾರು 5 ಡಿಗ್ರಿ. ಡೆಸ್ಕ್ಯೂ ಇಡೀ ಪುಟಕ್ಕೆ ಒಂದೇ ಕೋನ ಹುಡುಕುತ್ತದೆ. ನಡುವಿನ ಸಾಲುಗಳೇ ಜಾಸ್ತಿ ಇರುವುದರಿಂದ ಅದಕ್ಕೆ 3 ಡಿಗ್ರಿ ಸಿಕ್ಕಿತು. ಅಷ್ಟು ತಿರುಗಿಸಿದ ಮೇಲೂ ಕೆಳಗೆ 2 ಡಿಗ್ರಿ ಉಳಿಯಿತು. ಮೇಲೆ ಹೇಳಿದ ಲೆಕ್ಕ ಅಲ್ಲೇ ಕೆಲಸ ಮಾಡಿತು.

ಹಾಗಾಗಿ ಈಗ ನಾವು ತಿರುಗಿಸುವ ಮೊದಲು ಮೇಲಿನ ಒಂದು ಸಾಲು, ಕೆಳಗಿನ ಒಂದು ಸಾಲು ಅಳೆಯುತ್ತೇವೆ. ಸಾಲಿನ ಮೊದಲ ಅಕ್ಷರದ ಬುಡ ಎಷ್ಟನೇ ಪಿಕ್ಸೆಲ್‌ನಲ್ಲಿದೆ, ಕೊನೆಯ ಅಕ್ಷರದ ಬುಡ ಎಷ್ಟರಲ್ಲಿದೆ, ಅಷ್ಟೇ. ಗಿಂಪ್‌ನಲ್ಲಿ ಅಳತೆಯ ಸಲಕರಣೆ ಇದೆ, ಸಾಲಿನ ಉದ್ದಕ್ಕೂ ಎಳೆದರೆ ಕೋನವನ್ನೇ ತೋರಿಸುತ್ತದೆ. ಎರಡೂ ಕೋನ ಒಂದೇ ಆಗಿದ್ದರೆ ತಿರುಗಿಸಿದರೆ ಸಾಕು. ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನಾಲ್ಕು ಮೂಲೆ ಹಿಡಿದು ಹಾಳೆಯನ್ನೇ ಚೌಕಕ್ಕೆ ತರಬೇಕು. ಅರ್ಧ ಡಿಗ್ರಿ ಅನ್ನುವುದು ನಾವು ಇಟ್ಟುಕೊಂಡ ಮಿತಿ. ನಿಮ್ಮ ಸಾಲುಗಳು ಇನ್ನೂ ಒತ್ತೊತ್ತಾಗಿದ್ದರೆ ಇನ್ನೂ ಕಡಿಮೆ ಇಟ್ಟುಕೊಳ್ಳಿ.

ಈ ಫೈಲಿನ ನಾಲ್ಕು ಮೂಲೆಗಳನ್ನು ಹೀಗೆ ಕೊಟ್ಟೆವು:

```
magick doc1.png \
  -define distort:viewport=2550x4200+0+0 \
  -distort Perspective \
  "420,210 0,0  2560,170 2550,0  2690,3680 2550,4200  310,3890 0,4200" \
  +repage doc2.png
```

ಪ್ರತಿ ಜೋಡಿಯಲ್ಲಿ ಮೊದಲನೆಯದು ಫೋಟೋದಲ್ಲಿ ಮೂಲೆ ಇರುವ ಜಾಗ, ಎರಡನೆಯದು ಅದು ಹೋಗಬೇಕಾದ ಜಾಗ. 2550, 4200 ಅನ್ನುವುದು ಲೀಗಲ್ ಹಾಳೆಯ 300 ಡಿಪಿಐ ಅಳತೆ. ಹಾಳೆಯ ನಿಜವಾದ ಅಳತೆಯನ್ನೇ ಕೊಡಿ, ಇಲ್ಲದಿದ್ದರೆ ಅಕ್ಷರಗಳು ಅಗಲಕ್ಕೋ ಉದ್ದಕ್ಕೋ ಎಳೆದಂತಾಗುತ್ತವೆ. ಕಮಾಂಡ್ ಬೇಡ ಅನ್ನುವವರು ಗಿಂಪ್‌ನ ಪರ್ಸ್‌ಪೆಕ್ಟಿವ್ ಸಲಕರಣೆಯಲ್ಲಿ `Corrective` ಆರಿಸಿ, ನಾಲ್ಕು ಮೂಲೆಗೆ ಹಿಡಿಕೆ ಎಳೆದು ಇಡಬಹುದು.

ಕ್ರಾಪ್ ಬೇರೆ ಮಾಡಬೇಕಾಗಲಿಲ್ಲ, ಗಮನಿಸಿದಿರಾ? ಹಾಳೆಯ ಹೊರಗಿನದೆಲ್ಲ ಇದರಲ್ಲೇ ಹೋಯಿತು. ಕಪ್ಪು ಮೇಜು ಹೋಗುವುದು ಬರೀ ಚೆಂದಕ್ಕಲ್ಲ. ಟೆಸರಾಕ್ಟ್ ಮಾಮೂಲಾಗಿ ಇಡೀ ಚಿತ್ರಕ್ಕೆ ಒಂದೇ ಗೆರೆ ಎಳೆದು, ಇದಕ್ಕಿಂತ ಗಾಢವಾದದ್ದು ಶಾಯಿ, ತಿಳಿಯಾದದ್ದು ಕಾಗದ ಅಂತ ವಿಂಗಡಿಸುತ್ತದೆ. ಚಿತ್ರದ ಕಾಲುಭಾಗ ಕಪ್ಪು ಮೇಜೇ ಇದ್ದರೆ ಆ ಗೆರೆ ಮೇಜಿನ ಕಡೆಗೆ ವಾಲುತ್ತದೆ. ಮಾಸಲು ಪ್ರಿಂಟಿನ ತೆಳ್ಳನೆ ಒತ್ತು, ಸೊನ್ನೆ, ಎಲ್ಲ ಕಾಗದದ ಲೆಕ್ಕಕ್ಕೆ ಹೋಗಿಬಿಡುತ್ತವೆ. ಹಾಗಂತ ಅಕ್ಷರಕ್ಕೆ ತಾಗುವಷ್ಟು ಬಿಗಿಯಾಗಿ ಕತ್ತರಿಸಬೇಡಿ. ಅಂಚಿಗೆ ಅಂಟಿದ ಅಕ್ಷರವನ್ನೂ ಅದು ಸರಿಯಾಗಿ ಓದುವುದಿಲ್ಲ. ಸುತ್ತ ಸ್ವಲ್ಪ ಬಿಳಿ ಇರಲಿ.

ಇಷ್ಟಾದ ಮೇಲೆ ಡೆಸ್ಕ್ಯೂಗೆ ಕೆಲಸ ಬರುತ್ತದೆ. ಹಾಳೆ ಚೌಕವಾದರೂ ಅಕ್ಷರ ನೆಟ್ಟಗಿರಬೇಕು ಅಂತೇನಿಲ್ಲ. ದಪ್ಪ ಹಾಳೆ ಪ್ರಿಂಟರಿಗೆ ಸೊಟ್ಟಗೆ ಹೋಗಿ, ಹಾಳೆಯ ಅಂಚು ಒಂದು ಕಡೆ, ಸಾಲು ಇನ್ನೊಂದು ಕಡೆ ಇರುವುದು ಮಾಮೂಲು. ಆದರೆ ಈಗ ಉಳಿದಿರುವ ಓರೆ ಪುಟದುದ್ದಕ್ಕೂ ಒಂದೇ ಸಮ. ಅದನ್ನು ಡೆಸ್ಕ್ಯೂ ಚೆನ್ನಾಗಿ ತೆಗೆಯುತ್ತದೆ.

```
magick doc2.png -background white -deskew 40% +repage doc3.png
tesseract doc3.png out -l kan+eng --psm 6
```

`-background white` ಹಾಕುವುದು, ತಿರುಗಿದಾಗ ಮೂಲೆಗಳಲ್ಲಿ ಹೊಸದಾಗಿ ಹುಟ್ಟುವ ತ್ರಿಕೋನಗಳು ಬಿಳಿಯಾಗಿರಲಿ ಅಂತ. `--psm 6` ಅಂದರೆ ಇಡೀ ಪುಟವನ್ನು ಒಂದೇ ಪಠ್ಯದ ಗುಂಪಾಗಿ ಓದು ಅಂತ. ಅದನ್ನು ಕೊಡದಿದ್ದರೆ ಚಕ್ಕುಬಂದಿಯ ನಡುವಿನ ಖಾಲಿ ಜಾಗ ನೋಡಿ ಎರಡು ಕಾಲಂ ಅಂದುಕೊಂಡು, ದಿಕ್ಕುಗಳನ್ನೆಲ್ಲ ಒಂದು ಕಡೆ, ವಿವರಗಳನ್ನೆಲ್ಲ ಇನ್ನೊಂದು ಕಡೆ ಕೊಡುವ ಸಾಧ್ಯತೆ ಇದೆ. ಒಂದು ರೀತಿಯಲ್ಲಿ ಅದೇ ವಾಸಿ. ತಪ್ಪಾಗಿದೆ ಅಂತ ಕಾಣುತ್ತದಲ್ಲ.

ಈ ಸಲ ಪೂರ್ವಕ್ಕೆ 30 ಅಡಿ ರಸ್ತೆ, ಪಶ್ಚಿಮಕ್ಕೆ ನಿವೇಶನ ನಂ. 14 ಅಂತ ಸರಿಯಾಗಿ ಬಂತು. ದಕ್ಷಿಣದ ಎದುರೂ ವಿವರ ಇತ್ತು. ಆದರೂ ಚಕ್ಕುಬಂದಿ, ಅಳತೆ, ಸರ್ವೆ ನಂಬರ್ ಈ ಮೂರನ್ನು ಫೋಟೋ ಪಕ್ಕದಲ್ಲಿಟ್ಟುಕೊಂಡು ಕಣ್ಣಲ್ಲೇ ಹೋಲಿಸುತ್ತೇವೆ. ಮುಂಚಿನ ಕ್ರಯಪತ್ರವೂ ಫೈಲಿನಲ್ಲಿದ್ದರೆ ಅದರ ಚಕ್ಕುಬಂದಿಗೂ ತಾಳೆ ನೋಡುವುದು ಒಳ್ಳೆಯದು. ಹೊಂದದೇ ಇದ್ದರೆ ತಪ್ಪು ಪತ್ರದಲ್ಲೇ ಇರಬಹುದು, ಆಗ ನಾವು ತಿದ್ದುವ ಹಾಗಿಲ್ಲ. ಇದ್ದದ್ದನ್ನು ಇದ್ದ ಹಾಗೇ ಅನುವಾದ ಮಾಡಿ ಟಿಪ್ಪಣಿ ಹಾಕಬೇಕು.

ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳೂ ನಾಲ್ಕು ಮೂಲೆ ಹಿಡಿಯುತ್ತವೆ, ಬೇಗ ಆಗುತ್ತದೆ. ಅವುಗಳಲ್ಲಿ ನನಗೆ ಆಗದೇ ಇರುವುದು ಕಪ್ಪು-ಬಿಳುಪು ಮಾಡಿ "ಚೆಂದ" ಮಾಡುವ ಫಿಲ್ಟರ್. ತೆಳ್ಳನೆ ಒತ್ತುಗಳನ್ನು ಅದು ನುಂಗುತ್ತದೆ. ಬಳಸುವುದಾದರೆ ಮೂಲ ಬಣ್ಣದಲ್ಲೇ ಉಳಿಸಲು ಹೇಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಉದ್ದ 1600 ಪಿಕ್ಸೆಲ್‌ಗೆ ಇಳಿಯಿತು ಅಂದರೆ 14 ಇಂಚಿನ ಹಾಳೆಗೆ ಇಂಚಿಗೆ 115 ಪಿಕ್ಸೆಲ್ ಕೂಡ ಸಿಗುವುದಿಲ್ಲ. ಆಮೇಲೆ ಎಷ್ಟು ನೆಟ್ಟಗೆ ಮಾಡಿದರೂ ದ, ಧ ನಡುವಿನ ಸಣ್ಣ ಸೀಳು ವಾಪಸ್ ಬರುವುದಿಲ್ಲ.

ಇದ್ಯಾವುದಕ್ಕೂ ಬಗ್ಗದ ಪುಟ ಒಂದಿದೆ: ಎಡಗಡೆ ಹೊಲಿದ ದಪ್ಪ ಪತ್ರ. ಹೊಲಿಗೆ ಹತ್ತಿರ ಹಾಳೆ ಉಬ್ಬಿ, ಸಾಲುಗಳು ಅಲ್ಲಿ ಬಾಗುತ್ತವೆ. ನಾಲ್ಕು ಮೂಲೆ ಸರಿ ಮಾಡಿದರೆ ಅಂಚು ನೆಟ್ಟಗಾಗುತ್ತದೆ, ಬಾಗಿದ ಸಾಲು ಬಾಗಿಯೇ ಇರುತ್ತದೆ. ಪರೀಕ್ಷೆ ಸುಲಭ. ಸಾಲಿನ ಎರಡು ತುದಿಗೆ ಒಂದು ನೇರ ಗೆರೆ ಎಳೆಯಿರಿ. ನಡುವಿನ ಅಕ್ಷರಗಳು ಗೆರೆ ಬಿಟ್ಟು ಮೇಲೋ ಕೆಳಗೋ ಹೋಗಿದ್ದರೆ ಅದು ಬಾಗು. ಅಂಥ ಪುಟಕ್ಕೆ ಸಾಫ್ಟ್‌ವೇರ್ ಜೊತೆ ಗುದ್ದಾಡುವುದಕ್ಕಿಂತ ಫೋನ್ ಮಾಡುವುದೇ ವಾಸಿ. "ಅಮ್ಮಾ, ಮೂರನೇ ಪುಟ ಒಂದನ್ನೇ ಇನ್ನೊಮ್ಮೆ ತೆಗೆದು ಕಳಿಸ್ತೀರಾ? ಹೊಲಿಗೆ ಹತ್ರ ಯಾರಾದ್ರೂ ಸ್ಕೇಲಿಂದ ಒತ್ತಿ ಹಿಡ್ಕೊಳ್ಳಲಿ. ನೀವು ಎದ್ದು ನಿಂತು, ಮೇಲಿಂದ, ಜೂಮ್ ಮಾಡಿ ತೆಗೀರಿ" ಅನ್ನುತ್ತೇನೆ. ನಿಂತು ದೂರದಿಂದ ತೆಗೆದರೆ ಹತ್ತಿರದ ಅಂಚಿಗೂ ದೂರದ ಅಂಚಿಗೂ ವ್ಯತ್ಯಾಸ ತಾನಾಗಿಯೇ ಕಡಿಮೆಯಾಗುತ್ತದೆ. ಮೊಹರು ಬಿದ್ದು ಅಕ್ಷರ ಮುಚ್ಚಿಹೋದ ಕಡೆ ಮಾತ್ರ ಮತ್ತೆ ಫೋಟೋ ಕೇಳಿಯೂ ಪ್ರಯೋಜನವಿಲ್ಲ. ಆ ಸಾಲುಗಳನ್ನು ಕಣ್ಣಲ್ಲಿ ಓದಿ ಕೈಯಲ್ಲೇ ಟೈಪ್ ಮಾಡುತ್ತೇವೆ.