ಒಂದು ಹಬೀಬಿ, ಮೂರು ಯಲ್ಲಾ

ಶಾರ್ಜಾಕ್ಕೆ ಬಂದ ಮೊದಲ ವಾರ ನಮ್ಮ ಆಫೀಸಿನ ಈಜಿಪ್ಟ್ ಅಕೌಂಟೆಂಟ್ ನನ್ನನ್ನು ಬೆಳಿಗ್ಗೆಯಿಂದ ಸಂಜೆವರೆಗೂ ಹಬೀಬಿ ಅಂತಲೇ ಕರೆದ. ಹೆಸರು ಕೂಡ ಕೇಳಿರಲಿಲ್ಲ. ನಾನು ಬರುವ ಮುಂಚೆ ಅಷ್ಟಿಷ್ಟು ಅರೇಬಿಕ್ ಕಲಿತಿದ್ದೆ. ಹಬೀಬ್ ಅಂದರೆ ಪ್ರೀತಿಪಾತ್ರ, ಕೊನೆಯ 'ಈ' ಅಂದರೆ ನನ್ನ. ಐವತ್ತು ದಾಟಿದ ಮೀಸೆ ಮನುಷ್ಯ ನನ್ನನ್ನು ದಿನವಿಡೀ 'ನನ್ನ ಪ್ರಿಯ' ಅಂತಿದ್ದಾನಲ್ಲ ಅಂತ ಸ್ವಲ್ಪ ಮುಜುಗರವೇ ಆಯಿತು.

ಆಮೇಲೆ ಗೊತ್ತಾಯಿತು, ಇದು ನಮ್ಮ ಗುರು, ಮಗಾ ಇದ್ದ ಹಾಗೆ. ಮಗಾ ಅಂದವನು ನಮ್ಮಪ್ಪ ಅಲ್ಲ ತಾನೇ?

ಆದರೆ ಅರ್ಥ ಸವೆದುಹೋಗಿದೆ ಅಂತ ಕಿವಿ ಮುಚ್ಚಿಕೊಂಡರೆ ಕೆಟ್ಟಿರಿ. ಸೈಟ್ ಖರ್ಚಿಗೆ ನಾನು ಕೈಯಿಂದ ಹಾಕಿದ್ದ 340 ದಿರ್ಹಂ ವಾಪಸ್ ಕೇಳೋಕೆ ಆ ಅಕೌಂಟೆಂಟ್ ಹತ್ತಿರ ಮೂರು ಸಲ ಹೋಗಿದ್ದೆ. ಮೊದಲ ಸಲ 'ಹಬೀಬೀಈಈ' ಅಂತ ಎಳೆದು ತಲೆಯನ್ನು ಒಂದು ಕಡೆ ವಾಲಿಸಿದ. ನಾನು ಖುಷಿಯಾದೆ. ಹಿಂದೆಯೇ 'ಬುಕ್ರಾ, ಇನ್ಶಾಅಲ್ಲಾಹ್' ಬಂತು. ಅಂದರೆ ನಾಳೆ. ಮರುದಿನ ಹೋದರೂ ಅದೇ ರಾಗ, ಅದೇ ನಾಳೆ. ಮೂರನೇ ಸಲ ನನ್ನ ಮುಖ ಕೂಡ ನೋಡದೆ ಡ್ರಾಯರ್ ಎಳೆದು, ದುಡ್ಡು ಎಣಿಸಿ, 'ಖಲಾಸ್ ಹಬೀಬಿ' ಅಂದ. ಚಿಕ್ಕದಾಗಿ, ಮಾತಿನ ಕೊನೆಗೆ. ಆವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಹಬೀಬಿ ಮೊದಲು ಬಂದು ಉದ್ದವಾದರೆ ಕೆಲಸ ಆಗಲ್ಲ, ಕೊನೆಗೆ ಬಂದು ಗಿಡ್ಡವಾದರೆ ಆಗಿದೆ. ಥ್ಯಾಂಕ್ಸ್ ಅಂತ 'ಶುಕ್ರನ್' ಅಂದೆ, ಅದಕ್ಕೂ ಉತ್ತರ 'ಹಬೀಬಿ'. ಇರಲಿ ಬಿಡು ಅನ್ನೋ ಹಾಗೆ.

ಜಗಳದಲ್ಲೂ ಇದೇ ಪದ. ನಮ್ಮ ಸಿರಿಯಾದ ಸೈಟ್ ಎಂಜಿನಿಯರ್ ತಡವಾಗಿ ಬಂದ ಕಾಂಕ್ರೀಟ್ ಲಾರಿಯವನಿಗೆ ತಣ್ಣಗೆ 'ಶೂಫ್, ಹಬೀಬಿ' ಅಂದರೆ, ಅದು ನಮ್ಮೂರಿನ 'ನೋಡಪ್ಪಾ' ಇದ್ದ ಹಾಗೆ. ಮುಂದೆ ಬರೋದು ಬೈಗುಳ, ಸುತ್ತ ಇದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಒಂದು ಎಚ್ಚರಿಕೆ. ಹೆಂಗಸರಿಗೆ ಅದು ಹಬೀಬ್ತಿ. ಅವರವರಲ್ಲೇ ಧಾರಾಳವಾಗಿ ಓಡಾಡುತ್ತದೆ, ಆದರೆ ನಮ್ಮಂಥ ಗಂಡಸರು ಪರಿಚಯವಿಲ್ಲದ ಹೆಂಗಸಿಗೆ ಹೇಳಿದರೆ ಸವೆದ ಅರ್ಥ ಮತ್ತೆ ಹೊಸದಾಗಿಬಿಡುತ್ತದೆ. ಸುಮ್ನೆ ಬೇಡ.

ಇನ್ನು ಯಲ್ಲಾ. ಮೂಲದಲ್ಲಿ 'ಯಾ ಅಲ್ಲಾಹ್', ಓ ದೇವರೇ ಅಂತ. ಈಗ ಅದನ್ನು ಲೆಬನಾನಿನ ಕ್ರಿಶ್ಚಿಯನ್ನರೂ ಹೇಳುತ್ತಾರೆ, ನಮ್ಮ ಕುಂದಾಪುರದ ಅಡುಗೆಯವರೂ ಹೇಳುತ್ತಾರೆ, ಅಷ್ಟೇ ಯಾಕೆ, ಇಸ್ರೇಲಿನಲ್ಲಿ ಹೀಬ್ರೂ ಮಾತಾಡುವವರೂ ಫೋನ್ ಇಡುವಾಗ 'ಯಲ್ಲಾ ಬೈ' ಅನ್ನುತ್ತಾರೆ. ಹೊರಡು, ಬೇಗ, ಶುರು ಮಾಡು, ಸರಿ ಹಾಗಾದ್ರೆ, ಎಲ್ಲಕ್ಕೂ ಅದೇ.

ನಾನು ಎಡವಿದ್ದು ಇಲ್ಲೇ. ಒಂದು ಮೀಟಿಂಗಿಗೆ ಬಂದಿದ್ದ ವಯಸ್ಸಾದ ಎಮಿರಾತಿ ಗ್ರಾಹಕರಿಗೆ ಬಾಗಿಲು ತೆರೆದು, ನಗುತ್ತಾ, ಬನ್ನಿ ಅನ್ನೋ ಅರ್ಥದಲ್ಲಿ 'ಯಲ್ಲಾ' ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ, ಒಳಗೆ ಹೋದರು. ಅಕೌಂಟೆಂಟ್ ಮಾತ್ರ ನನ್ನ ಮೊಣಕೈ ತಿವಿದು 'ತಫದ್ದಲ್, ಹಬೀಬಿ, ತಫದ್ದಲ್' ಅಂತ ಪಿಸುಗುಟ್ಟಿದ. ದಯಮಾಡಿ ಬನ್ನಿ ಅನ್ನೋಕೆ ಅದು ಸರಿಯಾದ ಪದ. ನಮ್ಮಲ್ಲಿ ನಡಿ ಅನ್ನೋದು ಒರಟಾದರೆ ಒಂದು 'ರಿ' ಸೇರಿಸಿ ನಡೀರಿ ಅನ್ನಬಹುದು. ಯಲ್ಲಾಕ್ಕೆ ಅಂಥ ಬಾಲ ಇಲ್ಲ. ಗಂಡು, ಹೆಣ್ಣು, ಒಬ್ಬರು, ಹತ್ತು ಜನ, ಎಲ್ಲರಿಗೂ ಒಂದೇ ರೂಪ. ನಾನು ಆ ಹಿರಿಯರಿಗೆ 'ನಡಿ ನಡಿ' ಅಂದ ಹಾಗಾಗಿತ್ತು.

ಫೋನಿನಲ್ಲಿ ಯಲ್ಲಾ ಎಣಿಸೋದನ್ನೂ ಕಲಿಯಬೇಕು. ಮೊದಲನೇ ಯಲ್ಲಾ ಕೇಳಿ ಕಟ್ ಮಾಡಿದರೆ ಅವರಿಗೆ ಬೇಜಾರು. ಅದು ಬರೀ ಇನ್ನೇನು ಮುಗೀತು ಅನ್ನೋ ಸೂಚನೆ. ಆಮೇಲೆ ಮನೆಯವರ ವಿಚಾರ, ಒಂದು ಇನ್ಶಾಅಲ್ಲಾಹ್, ಎರಡನೇ ಯಲ್ಲಾ, ಮರೆತಿದ್ದ ಮುಖ್ಯ ವಿಷಯ (ಫೋನ್ ಮಾಡಿದ್ದೇ ಅದಕ್ಕೆ ಇರುತ್ತದೆ), ಮತ್ತೆ 'ಯಲ್ಲಾ ಹಬೀಬಿ, ಮಅ ಸಲಾಮಾ'. ಈಗ ಇಡಬಹುದು.

ಈ ಚಾಳಿ ನನಗೂ ಅಂಟಿದೆ. ಹೋದ ಶುಕ್ರವಾರ ಅಮ್ಮನ ಜೊತೆ ಮಾತು ಮುಗಿಸುತ್ತಾ 'ಯಲ್ಲಾ ಅಮ್ಮ' ಅಂದೆ. ಆ ಕಡೆಯಿಂದ, 'ಎಲ್ಲಾ ಚೆನ್ನಾಗಿದ್ದಾರೆ ಕಣೋ, ನಿಮ್ಮ ದೊಡ್ಡಮ್ಮಂಗೆ ಮಾತ್ರ ಸ್ವಲ್ಪ ಮಂಡಿನೋವು' ಅಂತ ಶುರುವಾಯಿತು. ಇನ್ನೂ ಇಪ್ಪತ್ತು ನಿಮಿಷ.