ಎಲ್ಲರಿಗೂ ಒಂದೇ ಲೆಕ್ಕ ತಾನೇ?

ಭಾವಗೀತೆ ಸ್ಪರ್ಧೆಯ ಫಲಿತಾಂಶ ಅಂಟಿಸಿದ ಮೇಲೆ ಒಬ್ಬ ತಾಯಿ ಬಂದು ಕೇಳಿದರು, "ಎಲ್ಲರಿಗೂ ಒಂದೇ ಲೆಕ್ಕ ತಾನೇ ಸರ್?" ಜಗಳದ ದನಿ ಇರಲಿಲ್ಲ. ಕಾರ್ಯದರ್ಶಿಗಳು, "ಕಂಪ್ಯೂಟರ್ ಹಾಕಿದ ಅಂಕ ಅಮ್ಮಾ" ಅಂದುಬಿಟ್ಟರು. ಒಳ್ಳೆಯ ಮನುಷ್ಯರು, ಸಂಘಕ್ಕಾಗಿ ತುಂಬಾ ಓಡಾಡುತ್ತಾರೆ. ಆದರೆ ಆ ಉತ್ತರ ನನಗೆ ಹಿಡಿಸಲಿಲ್ಲ. ಆಕೆ ಕೇಳಿದ್ದು ಲೆಕ್ಕ ಯಾವುದು ಅಂತ, ಹಾಕಿದ್ದು ಯಾರು ಅಂತ ಅಲ್ಲವಲ್ಲ.

ಅಂಕಗಳ ಎಕ್ಸೆಲ್ ಫೈಲ್ ತೆಗೆಸಿ ನೋಡಿದೆ. ನಾಲ್ಕು ವಿಭಾಗ, ನಾಲ್ಕು ಶೀಟ್. ಐವರು ತೀರ್ಪುಗಾರರು, ಒಬ್ಬೊಬ್ಬರಿಂದ 50 ಅಂಕ. ಅತಿ ಹೆಚ್ಚಿನದು ಮತ್ತು ಅತಿ ಕಡಿಮೆಯದು ಬಿಟ್ಟು ಉಳಿದದ್ದರ ಸರಾಸರಿ, ಇದು ನಿಯಮ. ಆ ತಾಯಿಯ ಮಗಳು ಮೊದಲು ಹಾಡಿದವಳು, ಆಗ ಒಬ್ಬ ತೀರ್ಪುಗಾರರು ಇನ್ನೂ ಬಂದಿರಲಿಲ್ಲ. ಅವಳಿಗಿದ್ದ ಅಂಕ 42, 45, 44, 40. ಒಟ್ಟು 171. ಅದರಲ್ಲಿ 45, 40 ಕಳೆದರೆ 86. ಉಳಿದದ್ದು ಇಬ್ಬರ ಅಂಕ, ಹಾಗಾಗಿ ಸರಾಸರಿ 43. ಆ ಶೀಟ್‌ನ ಸೂತ್ರ ಮಾತ್ರ ಕಣ್ಣು ಮುಚ್ಚಿಕೊಂಡು 3ರಿಂದ ಭಾಗಿಸಿ 28.67 ಕೊಟ್ಟಿತ್ತು. ಉಳಿದ ಮೂರು ಶೀಟ್‌ಗಳಲ್ಲಿ ಯಾರೋ ಯಾವಾಗಲೋ ಅದನ್ನು ಸರಿಮಾಡಿದ್ದರು. ಈ ಒಂದರಲ್ಲಿ ಹಳೆಯದೇ ಉಳಿದಿತ್ತು. ಎಲ್ಲರಿಗೂ ಒಂದೇ ಲೆಕ್ಕ ಇರಲಿಲ್ಲ. ಎರಡನೇ ಬಹುಮಾನಕ್ಕೆ ಬರಬೇಕಿದ್ದ ಹುಡುಗಿ ಕೊನೆಯ ಸಾಲಿನಲ್ಲಿದ್ದಳು. ಪಟ್ಟಿ ಅವತ್ತೇ ಬದಲಾಯಿತು.

ಒಂದು ಶೀಟ್ ತಿದ್ದಿ ಏಳಬಹುದಿತ್ತು. ಆದರೆ ಮುಂದಿನ ವರ್ಷ ನಿಯಮ ಬದಲಾದರೆ ಮತ್ತೆ ನಾಲ್ಕು ಕಡೆ ತಿದ್ದಬೇಕು, ಮತ್ತೆ ಒಂದು ಉಳಿದುಹೋಗುತ್ತದೆ. ಅದಕ್ಕೇ ನಿಯಮವನ್ನು `LAMBDA` ಬಳಸಿ ಒಂದೇ ಕಡೆ ಬರೆದೆ. ನಮ್ಮದೇ ಸೂತ್ರಕ್ಕೆ ಹೆಸರಿಟ್ಟು ಎಲ್ಲ ಶೀಟ್‌ಗಳಲ್ಲೂ ಬಳಸಲು ಎಕ್ಸೆಲ್ ಕೊಡುವ ಸೌಲಭ್ಯ ಅದು. ಮೊದಲು ಖಾಲಿ ಸೆಲ್‌ನಲ್ಲಿ ಪರೀಕ್ಷೆ:

```
=LAMBDA(m, LET(n, COUNT(m),
  IF(n=0, "",
  IF(n<4, AVERAGE(m),
  (SUM(m)-MAX(m)-MIN(m))/(n-2)))))(C2:G2)
```

`m` ಅಂದರೆ ನಾವು ಕೊಡುವ ಅಂಕಗಳ ಸಾಲು. `n` ಅಂಕ ಕೊಟ್ಟವರ ಸಂಖ್ಯೆ. ಕೊನೆಯ `(C2:G2)` ಪರೀಕ್ಷೆಗೆ ಮಾತ್ರ, ಅದಿಲ್ಲದಿದ್ದರೆ ಸೆಲ್‌ನಲ್ಲಿ `#CALC!` ಬರುತ್ತದೆ. 43 ಬಂತು. ನಾಲ್ಕಕ್ಕಿಂತ ಕಡಿಮೆ ಜನ ಅಂಕ ಕೊಟ್ಟಿದ್ದರೆ ಯಾವುದನ್ನೂ ಬಿಡದೆ ಸರಾಸರಿ ಅನ್ನುವುದನ್ನು ಸಮಿತಿಯವರನ್ನು ಕೇಳಿಯೇ ಹಾಕಿದೆ. ಅಂಥದ್ದನ್ನು ಸೂತ್ರ ಬರೆಯುವವನು ತಾನೇ ನಿರ್ಧರಿಸಬಾರದು.

ಆಮೇಲೆ `Ctrl+F3` ಒತ್ತಿ `Name Manager`, ಅಲ್ಲಿ `New`. ಹೆಸರು `GAYANA_ANKA`. `Scope` ಜಾಗದಲ್ಲಿ `Workbook` ಇದೆಯಾ ಅಂತ ನೋಡಲೇಬೇಕು. ಒಂದು ಶೀಟ್‌ನ ಹೆಸರಿದ್ದರೆ ಬೇರೆ ಶೀಟ್‌ಗಳಲ್ಲಿ `#NAME?` ಬರುತ್ತದೆ. ಅದನ್ನು ಆಮೇಲೆ ಬದಲಿಸಲೂ ಆಗುವುದಿಲ್ಲ, ಅಳಿಸಿ ಹೊಸದಾಗಿ ಮಾಡಬೇಕು. `Comment` ಜಾಗದಲ್ಲಿ ನಿಯಮವನ್ನು ಕನ್ನಡದಲ್ಲೇ ಬರೆದೆ. `Refers to` ಜಾಗಕ್ಕೆ ಕೊನೆಯ `(C2:G2)` ಬಿಟ್ಟು ಉಳಿದ ಸೂತ್ರ ಅಂಟಿಸಿದೆ. ಅಲ್ಲಿ ತಿದ್ದುವಾಗ ಬಾಣದ ಕೀ ಒತ್ತಿದರೆ ಸುಮ್ನೆ ಯಾವುದೋ ಸೆಲ್ ವಿಳಾಸ ನುಗ್ಗುತ್ತದೆ. ಮೊದಲು `F2` ಒತ್ತಿದರೆ ಆ ಕಾಟ ಇಲ್ಲ. ಈಗ ನಾಲ್ಕೂ ಶೀಟ್‌ನಲ್ಲಿ ಇಷ್ಟೇ:

```
=GAYANA_ANKA(C2:G2)
```

ಅಂಕ ತುಂಬುವ ಮೇಡಂ ಪಕ್ಕದಲ್ಲೇ ಕ್ಯಾಲ್ಕುಲೇಟರ್ ಹಿಡಿದು ಪ್ರತಿ ಸಾಲನ್ನೂ ತಾಳೆ ನೋಡಿದರು. ಇಂಥವರು ಇರುವ ಕಡೆ ನನಗೆ ಧೈರ್ಯ ಜಾಸ್ತಿ. "ಬರದವರಿಗೆ ಸೊನ್ನೆ ಹಾಕಲಾ ಸರ್?" ಅಂತ ಕೇಳಿದ್ದೂ ಅವರೇ. ಬೇಡ ಅಂದೆ. ಅದೇ ಹುಡುಗಿಗೆ ಸೊನ್ನೆ ಹಾಕಿ ತೋರಿಸಿದೆ. ಸೊನ್ನೆಯೇ ಅತಿ ಕಡಿಮೆ ಅಂಕವಾಗಿ ಬಿಟ್ಟುಹೋಗುತ್ತದೆ, ಹೋಗಬೇಕಿದ್ದ 40 ಉಳಿಯುತ್ತದೆ, ಫಲಿತಾಂಶ 42. 28.67 ಅಂತ ಬಂದರೆ ಯಾರಾದರೂ ಕೇಳುತ್ತಾರೆ. 42 ಬಂದರೆ ಯಾರೂ ಕೇಳುವುದಿಲ್ಲ. ಆ ತಾಯಿಯೂ ಕೇಳುತ್ತಿರಲಿಲ್ಲ. ಖಾಲಿ ಬಿಡಬೇಕು, ಇಲ್ಲವೇ "ಗೈರು" ಅಂತ ಬರೆಯಬೇಕು. `COUNT` ಅಕ್ಷರವನ್ನು ಎಣಿಸುವುದಿಲ್ಲ. ಇದೇ ಕಾರಣಕ್ಕೆ ಅಕ್ಷರದ ರೂಪದಲ್ಲಿ ಕೂತ 42 ಕೂಡ ಸದ್ದಿಲ್ಲದೆ ಲೆಕ್ಕದಿಂದ ಹೊರಗುಳಿಯುತ್ತದೆ. ಸಾಮಾನ್ಯವಾಗಿ ಅಂಥ ಅಂಕ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ, ನಿಜವಾದ ಅಂಕ ಬಲಕ್ಕಿರುತ್ತದೆ.

"ಎಲ್ಲರಿಗೂ ಒಂದೇ ಲೆಕ್ಕ ತಾನೇ?" ಈ ವಾರವೆಲ್ಲಾ ಅದೇ ಕಿವಿಯಲ್ಲಿದೆ. ಸಂಬಳ, ಬಡ್ತಿ, ವಿದ್ಯಾರ್ಥಿವೇತನ, ಎಷ್ಟೋ ಕಡೆ ಹೀಗೇ ಸೂತ್ರವೊಂದು ಶೀಟ್‌ನಿಂದ ಶೀಟ್‌ಗೆ ನಕಲಾಗುತ್ತಾ, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಉಳಿದು ಸಾಗುತ್ತದೆ. ನಷ್ಟವಾದವರಿಗೆ ಕಾಣುವುದು ಕೊನೆಯ ಅಂಕ ಮಾತ್ರ. ಕೇಳಲು ಬಂದವರಿಗೆ ನಿಯಮವನ್ನು ತೆಗೆದು ತೋರಿಸಲು ಆಗಬೇಕು.

ಒಂದು ತೊಡಕು ಉಳಿದಿದೆ. ಸಂಘದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ 2019 ಇದೆ, ಅದಕ್ಕೆ `LAMBDA` ಗೊತ್ತಿಲ್ಲ. 2021ಕ್ಕೂ ಗೊತ್ತಿಲ್ಲ. ಮೈಕ್ರೋಸಾಫ್ಟ್ 365 ಅಥವಾ ಎಕ್ಸೆಲ್ 2024 ಬೇಕು. ಹಳೆಯದರಲ್ಲಿ ಫೈಲ್ ತೆರೆದ ಕೂಡಲೇ ಅಂಕಗಳು ಸರಿಯಾಗಿಯೇ ಕಾಣಬಹುದು, ಒಂದು ಅಂಕ ತಿದ್ದಿದ ತಕ್ಷಣ ಆ ಸಾಲಿನಲ್ಲಿ `#NAME?` ಬರುತ್ತದೆ. ಹಾಗಾಗಿ ಅಂಕ ತುಂಬುವ ಕೆಲಸ ಮೇಡಂ ಅವರ ಲ್ಯಾಪ್‌ಟಾಪ್‌ನಲ್ಲಿ, ಹಳೆಯದಕ್ಕೆ ಪಿಡಿಎಫ್ ಮಾತ್ರ ಅಂತ ಮಾತಾಗಿದೆ. ಫಲಿತಾಂಶದ ಹಾಳೆಯ ಕೆಳಗೆ ನಿಯಮವನ್ನೂ ಅಚ್ಚು ಹಾಕಿ ಅಂತ ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ.