ಒಂಬತ್ತು ಕತ್ತಿಗಳು, ಮುಟ್ಟದೆ ಬಿಟ್ಟ ಒಂದು ಬಟ್ಟಲು

ಟ್ಯಾರೋ ಕಾರ್ಡುಗಳಲ್ಲಿ ನೈನ್ ಆಫ್ ಸ್ವೋರ್ಡ್ಸ್ ಬಂದರೆ ಎದುರಿಗೆ ಕುಳಿತವರ ಮುಖ ಬಾಡುತ್ತದೆ. ಸಾವು, ಕಾಯಿಲೆ, ಏನೋ ಕೇಡು ಕಾದಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಆರ್ಥರ್ ವೇಟ್ ಯೋಜಿಸಿ ಪಮೆಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ ಕಾರ್ಡುಗಳನ್ನೇ ನಾನು ಬಳಸುತ್ತೇನೆ. ಅದರಲ್ಲಿ ಈ ಚಿತ್ರ ಹೀಗಿದೆ: ಕಗ್ಗತ್ತಲು, ಮಂಚದ ಮೇಲೆ ಎದ್ದು ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ ಒಬ್ಬರು, ಹಿಂದೆ ಅಡ್ಡಡ್ಡಲಾಗಿ ಒಂಬತ್ತು ಕತ್ತಿಗಳು. ಆದರೆ ಒಂದು ಕತ್ತಿಯೂ ಮೈಗೆ ನಾಟಿಲ್ಲ. ಹೊದಿಕೆಯ ಮೇಲೆ ಗುಲಾಬಿಗಳಿವೆ, ರಾಶಿಗಳ ಚಿಹ್ನೆಗಳಿವೆ. ಕಣ್ಣು ಮುಚ್ಚಿಕೊಂಡವರಿಗೆ ಅವು ಕಾಣುವುದಿಲ್ಲ. ಮಂಚದ ಪಕ್ಕದ ಹಲಗೆಯಲ್ಲಿ ಮಾತ್ರ ಒಬ್ಬ ಇನ್ನೊಬ್ಬನನ್ನು ಹೊಡೆದುರುಳಿಸುವ ಕೆತ್ತನೆ ಇದೆ. ಈ ಕೆತ್ತನೆಯನ್ನು ಬಹಳ ಜನ ಗಮನಿಸುವುದೇ ಇಲ್ಲ. ನನಗೆ ಅದೇ ಈ ಕಾರ್ಡಿನ ಬೀಗದ ಕೈ.

ಗೌರಿ ಹಬ್ಬ ಹತ್ತಿರವಾಗಿದ್ದ ದಿನಗಳಲ್ಲಿ ಗೆಳತಿಯ ತಂಗಿಯೊಬ್ಬಳು ಕುವೆಂಪುನಗರದ ನಮ್ಮ ಮನೆಗೆ ಬಂದಳು. ಅವಳು ಇಲ್ಲಿಯೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ತವರು ಮಂಡ್ಯ. ತಾಯಿ ಇಲ್ಲ, ಅಣ್ಣನ ಮನೆಯೇ ತವರು. ಕೆಲವು ತಿಂಗಳ ಹಿಂದೆ ಅತ್ತಿಗೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದಾಗ ಮೌಲ್ಯಮಾಪನದ ಕೆಲಸದ ನಡುವೆ ಅವಳಿಗೆ ಹೋಗಿ ನೋಡಲು ಆಗಿರಲಿಲ್ಲ. ಆಮೇಲೆ ನೆಂಟರ ಗೃಹಪ್ರವೇಶದಲ್ಲಿ ಅತ್ತಿಗೆ ಇವಳಿಗೆ ಅರಿಸಿನ ಕುಂಕುಮ ಕೊಟ್ಟು, ಮಾತಾಡದೆ ಪಕ್ಕದವರ ಕಡೆಗೆ ತಿರುಗಿದರಂತೆ. ಅಂದಿನಿಂದ ನಡುರಾತ್ರಿ ಎಚ್ಚರವಾಗುವುದು, ಆ ಒಂದು ಗಳಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವುದು. ಹಗಲಿನಲ್ಲಿ ಮಂಡ್ಯದ ಹೆಸರೆತ್ತಿದರೆ ಮೌನ. ಒಂದು ಗಂಟೆಯ ದಾರಿಯ ಊರಿಗೆ ಅವಳು ಕಾಲಿಡುವುದನ್ನೇ ಬಿಟ್ಟಿದ್ದಳು.

"ಅತ್ತಿಗೆಗೆ ನನ್ನ ಮೇಲೆ ಕೋಪವಿದೆಯೇ, ನೋಡಿ ಹೇಳಿ ಅಕ್ಕ" ಎಂದಳು.

ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಗೆ ನಾನು ಕಾರ್ಡ್ ಹಾಕುವುದಿಲ್ಲ. ಯಾವ ಚಿತ್ರ ಬಂದರೂ ಕೇಳಿದವರು ಅದರಲ್ಲಿ ತಮ್ಮ ಭಯವನ್ನೇ ಓದಿಕೊಂಡು, ಅದು ಆ ಇನ್ನೊಬ್ಬರ ಮನಸ್ಸೆಂದು ನಂಬಿಬಿಡುತ್ತಾರೆ. ಹಾಗಾಗಿ ಪ್ರಶ್ನೆಯನ್ನು ಬದಲಿಸಿ ಮೂರು ಸ್ಥಾನ ಇಟ್ಟೆ: ನನ್ನೊಳಗೆ ಏನು ನಡೆಯುತ್ತಿದೆ, ಹೊರಗೆ ನಾನು ಹೇಗೆ ನಡೆದುಕೊಳ್ಳುತ್ತಿದ್ದೇನೆ, ಏನು ಮಾಡಬಹುದು. ಮೊದಲನೆಯದು ನೈನ್ ಆಫ್ ಸ್ವೋರ್ಡ್ಸ್, ಎರಡನೆಯದು ಫೋರ್ ಆಫ್ ಕಪ್ಸ್, ಮೂರನೆಯದು ಏಟ್ ಆಫ್ ಪೆಂಟಕಲ್ಸ್.

ಫೋರ್ ಆಫ್ ಕಪ್ಸ್‌ನಲ್ಲಿ ಒಬ್ಬ ಯುವಕ ಮರದ ಬುಡದಲ್ಲಿ ಕೈಕಟ್ಟಿ, ಕಾಲು ಮಡಚಿ ಕುಳಿತಿದ್ದಾನೆ. ಮುಂದೆ ಹುಲ್ಲಿನ ಮೇಲೆ ಮೂರು ಬಟ್ಟಲು. ಮೋಡದಿಂದ ಹೊರಬಂದ ಒಂದು ಕೈ ನಾಲ್ಕನೆಯದನ್ನು ಚಾಚುತ್ತಿದೆ; ಅವನು ಕಣ್ಣೆತ್ತುವುದಿಲ್ಲ. ವೇಟ್ ಇದಕ್ಕೆ ಬೇಸರ, ಜುಗುಪ್ಸೆ ಎಂಬ ಅರ್ಥ ಕೊಡುತ್ತಾರೆ. ಹಲವರು ಇನ್ನೂ ಮುಂದೆ ಹೋಗಿ, ಸಿಕ್ಕಿದ್ದರ ಬೆಲೆ ತಿಳಿಯದವನು ಎಂದು ಗದರುತ್ತಾರೆ. ಪಕ್ಕದಲ್ಲಿ ಒಂಬತ್ತು ಕತ್ತಿಗಳಿರುವಾಗ ಆ ಓದು ಕ್ರೂರ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕಟ್ಟಿದ ಕೈ ಸೊಕ್ಕಿನದಲ್ಲ, ಎದೆಗೆ ಅಡ್ಡ ಹಿಡಿದದ್ದು. ರಾತ್ರಿಯೆಲ್ಲ ತನ್ನ ವಿರುದ್ಧವೇ ತೀರ್ಪು ಬರೆದುಕೊಂಡವರು ಬೆಳಿಗ್ಗೆ ಯಾರ ಕೈಯಿಂದ ಏನನ್ನು ತಾನೇ ನಿರಾಳವಾಗಿ ತೆಗೆದುಕೊಂಡಾರು?

ಇಲ್ಲಿ ಗೋಲ್ಡನ್ ಡಾನ್ ಎಂಬ ಹಳೆಯ ಗೂಢವಿದ್ಯಾ ಸಂಘದ ಓದಿನ ಕ್ರಮ ನನಗೆ ನೆರವಾಗುತ್ತದೆ. ಅದರಲ್ಲಿ ಕತ್ತಿ ವಾಯು, ಬಟ್ಟಲು ನೀರು. ಇವೆರಡೂ ಮಿತ್ರತತ್ತ್ವಗಳು, ಪಕ್ಕಪಕ್ಕ ಬಂದರೆ ಒಂದು ಇನ್ನೊಂದಕ್ಕೆ ಬಲ ಕೊಡುತ್ತದೆ. ಮಿತ್ರ ಎಂದರೆ ಶುಭ ಎಂದಲ್ಲ. ಯೋಚನೆ ಹೆಚ್ಚಿದಷ್ಟೂ ಮನಸ್ಸು ಮುದುಡುತ್ತದೆ. ಮುದುಡಿ ಕುಳಿತಷ್ಟೂ ಹೊರಗಿನ ಸುದ್ದಿ ನಿಲ್ಲುತ್ತದೆ. ಸುದ್ದಿ ಇಲ್ಲದ ಕಡೆ ಊಹೆ ಬೆಳೆಯುತ್ತದೆ. ಅದೇ ಕ್ರಮ ಮೊದಲನೆಯ ಕಾರ್ಡಿಗೆ ಮಿಥುನದ ಕುಜನನ್ನೂ ಎರಡನೆಯದಕ್ಕೆ ಕರ್ಕಾಟಕದ ಚಂದ್ರನನ್ನೂ ಕೊಡುತ್ತದೆ. ಮಿಥುನ ಮಾತು-ಬುದ್ಧಿಯ ಒಡೆಯ ಬುಧನ ಮನೆ, ಅಲ್ಲಿ ಕುಜ ಹೊಕ್ಕರೆ ಬುದ್ಧಿಯೇ ಹರಿತವಾಗಿ ಚುಚ್ಚುತ್ತದೆ. ಕರ್ಕಾಟಕ ಚಂದ್ರನ ಸ್ವಂತ ಮನೆ. ಚಂದ್ರ ಅಲ್ಲಿಂದ ಹೊರಗೆ ಬರಲು ಒಲ್ಲ. ಅವಳಿಗೆ ಇಷ್ಟೆಲ್ಲ ಹೇಳಲಿಲ್ಲ. ಮಂಚದ ಕೆತ್ತನೆಯ ಮೇಲೆ ಬೆರಳಿಟ್ಟು, "ನಿಜವಾಗಿ ನಡೆದ ಏಟು ಯಾವುದು?" ಎಂದಷ್ಟೇ ಕೇಳಿದೆ.

ಒಂದು ಹಾಳೆ ಕೊಟ್ಟು, ರಾತ್ರಿ ತಲೆಯಲ್ಲಿ ಓಡುವ ವಾಕ್ಯಗಳನ್ನು ಒಂದೊಂದಾಗಿ ಬರೆಸಿದೆ. ಪ್ರತಿಯೊಂದರ ಮುಂದೆ ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಗುರುತು ಹಾಕಲು ಹೇಳಿದೆ. "ಆಸ್ಪತ್ರೆಗೆ ನಾನು ಹೋಗಲಿಲ್ಲ" ಎಂಬುದು ನಡೆದದ್ದು. "ಅತ್ತಿಗೆ ಮಾತಾಡದೆ ತಿರುಗಿದರು" ಎಂಬುದು ಕಂಡದ್ದು. "ಅಣ್ಣನಿಗೆ ಚಾಡಿ ಹೇಳಿದ್ದಾರೆ", "ಈ ವರ್ಷ ಬಾಗಿನ ಬರುವುದಿಲ್ಲ", "ಅಮ್ಮನಿಲ್ಲದ ಮೇಲೆ ನನಗೆ ತವರಿಲ್ಲ" ಎಲ್ಲವೂ ಊಹೆ. ಕೊನೆಯ ವಾಕ್ಯ ಬರೆಯುವಾಗ ಅವಳು ಅತ್ತಳು. ನಾನು ಅವಸರ ಮಾಡಲಿಲ್ಲ.

ಆಮೇಲೆ ಎರಡನೆಯ ಕಾರ್ಡನ್ನು ಅವಳ ಕಡೆಗೆ ಸರಿಸಿ, "ಈ ನಾಲ್ಕನೆಯ ಬಟ್ಟಲಿನ ಹಾಗೆ ನಿನ್ನ ಹತ್ತಿರ ಬಂದೂ ನೀನು ನೋಡದೆ ಬಿಟ್ಟದ್ದು ಏನಾದರೂ ಇದೆಯೇ?" ಎಂದೆ. ಬಹಳ ಹೊತ್ತಿನ ನಂತರ ಮೊಬೈಲ್ ತೆಗೆದು ತೋರಿಸಿದಳು. ಅತ್ತಿಗೆ ಕಳುಹಿಸಿದ ಧ್ವನಿ ಸಂದೇಶ. ಬಂದು ಎಷ್ಟೋ ದಿನಗಳಾಗಿದ್ದವು, ಕೇಳುವ ಧೈರ್ಯವಾಗಿರಲಿಲ್ಲ. ಅಲ್ಲಿಯೇ ಕೇಳಿದಳು. ಬಾಗಿನಕ್ಕೆ ಹೊಸ ಮೊರ ತಂದಾಗಿದೆ, ರವಿಕೆ ಕಣಕ್ಕೆ ಯಾವ ಬಣ್ಣ ಬೇಕು, ಅಣ್ಣ ತಂದುಕೊಡಬೇಕೋ ನೀನೇ ಬರುತ್ತೀಯೋ ಎಂಬ ಮಾತುಗಳು. ನಡುವೆ ಒಂದು ವಾಕ್ಯ: "ಆಸ್ಪತ್ರೆಯಲ್ಲಿದ್ದಾಗ ನೀನು ಬರಲಿಲ್ಲವಲ್ಲ ಎಂದು ಬೇಜಾರಾಗಿತ್ತು ಕಣಮ್ಮ."

ಎಂದರೆ ಆ ಒಂದು ಕತ್ತಿ ನಿಜವೇ ಆಗಿತ್ತು. ಎಲ್ಲ ನಿನ್ನ ಭ್ರಮೆ ಎಂದು ನಾನು ಸಮಾಧಾನ ಹೇಳಿದ್ದರೆ ಆ ಸಂದೇಶವೇ ನನ್ನನ್ನು ಸುಳ್ಳಾಗಿಸುತ್ತಿತ್ತು.

ಮೂರನೆಯ ಕಾರ್ಡಿನಲ್ಲಿ ಬೆಂಚಿನ ಮೇಲೆ ಕುಳಿತ ಕುಶಲಕರ್ಮಿಯೊಬ್ಬ ಸುತ್ತಿಗೆ ಉಳಿ ಹಿಡಿದು ಬಿಲ್ಲೆ ಕೆತ್ತುತ್ತಿದ್ದಾನೆ. ಪೆಂಟಕಲ್ಸ್ ಎಂದರೆ ಈ ಬಿಲ್ಲೆಗಳೇ; ಅವು ಭೂತತ್ತ್ವ, ವಾಯುವಿಗೆ ಅದು ವಿರೋಧಿ, ನೀರಿಗೆ ಮಿತ್ರ. ಕತ್ತಿಯ ಬಲ ಕುಗ್ಗಿಸಿ ಬಟ್ಟಲನ್ನು ಮಾತ್ರ ಪೋಷಿಸುವ ಕಾರ್ಡ್ ಇದು. ಆದ್ದರಿಂದ ಮನಸ್ಸು ತಿಳಿಯಾಗಲಿ ಎಂದು ಕಾಯದೆ ಕೈಯಿಂದ ಆಗುವ ಒಂದು ಕೆಲಸ ಮಾಡು ಎಂದೆ: ಭಾನುವಾರ ಬಸ್ ಹತ್ತು, ಆಸ್ಪತ್ರೆಯ ವಿಷಯವನ್ನು ನೀನೇ ಮೊದಲು ಎತ್ತು.

ನಿದ್ದೆ, ಊಟ, ಪಾಠ ಹೇಳುವಾಗಿನ ಉತ್ಸಾಹ ಇವುಗಳ ಬಗ್ಗೆಯೂ ಕೇಳಿದೆ. ಮೊದಲಿನ ಆ ಎರಡು ಕಾರ್ಡುಗಳು ಜೊತೆಯಾದಾಗ ಕೇಳಲೇಬೇಕು. ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ದಾಟಿದರೆ, ಬದುಕು ಬೇಡವೆನಿಸಿದರೆ, ಅದು ಕಾರ್ಡ್ ಓದುವವರ ಕೆಲಸವಲ್ಲ, ಮನೋವೈದ್ಯರದು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಅವಳಿಗೆ ಪಾಠದಲ್ಲಿ ಖುಷಿ ಉಳಿದಿತ್ತು, ಊಟ ಸರಿಯಾಗಿತ್ತು. ಆದರೂ ಸಂಖ್ಯೆಯನ್ನು ಬರೆದುಕೊಟ್ಟೆ.

ಅವಳು ಮಂಡ್ಯಕ್ಕೆ ಹೋಗಿ ಬಂದಳು. ಅತ್ತಿಗೆಗೆ ಗೃಹಪ್ರವೇಶದ ಆ ಗಳಿಗೆ ನೆನಪೇ ಇರಲಿಲ್ಲವಂತೆ. ಆಸ್ಪತ್ರೆಯ ವಿಷಯಕ್ಕೆ ಮಾತ್ರ ಇಬ್ಬರೂ ಸ್ವಲ್ಪ ಜಗಳವಾಡಿದರಂತೆ. ರಾತ್ರಿ ಎಚ್ಚರವಾಗುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹಬ್ಬ ಕಳೆದ ಮೇಲೆ ಬಂದು, ಅದೇ ಪ್ರಶ್ನೆಗೆ ಇನ್ನೊಮ್ಮೆ ಕಾರ್ಡ್ ಹಾಕಿ ಎಂದು ಕೇಳಿದಳು. ನಾನು ಒಪ್ಪಲಿಲ್ಲ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕಲಸಿ ಹಾಕುತ್ತಾ ಹೋದರೆ ನಡುರಾತ್ರಿ ತಲೆಯಲ್ಲಿ ನಡೆಯುತ್ತಿದ್ದುದೇ ನನ್ನ ಮೇಜಿನ ಮೇಲೆ ನಡೆಯಲು ತೊಡಗುತ್ತದೆ. ಆ ಸಂಜೆ ಕಾರ್ಡುಗಳನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು, ಅತ್ತಿಗೆಯ ಪಥ್ಯದ ಅಡುಗೆಯ ಬಗ್ಗೆ ಅವಳು ಹೇಳಿದ್ದನ್ನು ಕೇಳಿದೆ.